ಕೈ ಅದೇ, ತಿರುವು ಬೇರೆ

2019ರ ಏಪ್ರಿಲ್ 2, ಜೈಪುರ. ರಾಜಸ್ಥಾನ ರಾಯಲ್ಸ್ ಪರವಾಗಿ ಚೆಂಡು ಕೈಗೆತ್ತಿಕೊಂಡವರು ನಮ್ಮ ಕರ್ನಾಟಕದ ಶ್ರೇಯಸ್ ಗೋಪಾಲ್. ಎದುರಿಗೆ ಆರ್‌ಸಿಬಿ ನಾಯಕ ವಿರಾಟ್ ಕೊಹ್ಲಿ. ಚೆಂಡು ಆಫ್ ಸ್ಟಂಪಿನ ಹೊರಗೆ ಬೀಳುವಂತೆ ಬಂತು. ಕೊಹ್ಲಿ ಕಾಲು ಮುಂದಿಟ್ಟು ಡ್ರೈವ್ ಮಾಡಲು ಬ್ಯಾಟ್ ಬೀಸಿದರು. ಚೆಂಡು ನೆಲಕ್ಕೆ ಬಿದ್ದದ್ದೇ ತಡ, ಒಳಕ್ಕೆ ತಿರುಗಿ ಬ್ಯಾಟಿಗೂ ಪ್ಯಾಡಿಗೂ ನಡುವೆ ಇದ್ದ ಸಂದಿಯಲ್ಲಿ ನುಸುಳಿ ಸ್ಟಂಪಿಗೆ ಬಡಿಯಿತು. ಟಿ.ವಿ.ಯಲ್ಲಿ ಕಾಮೆಂಟರಿಯವರು ‘ಗೂಗ್ಲಿ’ ಎಂದು ಕೂಗಿದರು.

ನಮ್ಮ ಮನೆಯಲ್ಲಿ ಆವತ್ತು ಸೋಫಾದ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದ ಅತ್ತಿಗೆ ತಲೆ ಎತ್ತಿದರು. ‘ಅಲ್ಲ ಕಣೋ, ಸ್ಪಿನ್ ಅಂದ್ರೂ ತಿರುಗತ್ತೆ, ಗೂಗ್ಲಿ ಅಂದ್ರೂ ತಿರುಗತ್ತೆ. ಇದಕ್ಕೆ ಮಾತ್ರ ಯಾಕೆ ಇಷ್ಟು ಕೂಗಾಟ?’ ಅಂದರು. ಮೂವತ್ತು ವರ್ಷದಿಂದ ಕ್ರಿಕೆಟ್ ನೋಡುತ್ತಿರುವ ನಾನು ಬಾಯಿ ತೆರೆದೆ, ಹೇಳಲು ತಕ್ಷಣಕ್ಕೆ ಏನೂ ಹೊಳೆಯಲಿಲ್ಲ. ಹಣ್ಣಿನ ಬುಟ್ಟಿಯಿಂದ ಒಂದು ಮೂಸಂಬಿ ತೆಗೆದುಕೊಂಡು, ಬಾಲ್‌ಪೆನ್ನಿನಲ್ಲಿ ಅದರ ನಡುವೆ ಸುತ್ತಲೂ ಒಂದು ಗೆರೆ ಎಳೆದೆ. ಚೆಂಡಿನ ಹೊಲಿಗೆ ಅದು, ಕ್ರಿಕೆಟ್ಟಿನವರು ಸೀಮ್ ಅನ್ನುವುದು. ಅತ್ತಿಗೆಗೆ ಆ ರಾತ್ರಿ ಅರ್ಧಂಬರ್ಧವಾಗಿ ಹೇಳಿದ್ದನ್ನು ಇಲ್ಲಿ ಸಾವಧಾನವಾಗಿ ಹೇಳುತ್ತೇನೆ.

ಮೊದಲು ಒಂದು ಮಾತು. ಆಡುಮಾತಿನಲ್ಲಿ ನಾವು ಅನಿರೀಕ್ಷಿತವಾದ ಯಾವುದಕ್ಕೂ ಗೂಗ್ಲಿ ಅಂದುಬಿಡುತ್ತೇವೆ. ಪರೀಕ್ಷೆಯಲ್ಲಿ ಸಿಲಬಸ್ಸಿನ ಆಚೆಯ ಪ್ರಶ್ನೆ ಬಂದರೆ ಗೂಗ್ಲಿ, ರಾಜಕಾರಣಿ ಹಠಾತ್ತನೆ ಪಕ್ಷ ಬದಲಿಸಿದರೆ ಗೂಗ್ಲಿ. 2013ರಲ್ಲಿ ಯಶ್ ಅವರ ಸಿನಿಮಾಕ್ಕೂ ಇದೇ ಹೆಸರು ಬಂತು. ಕ್ರಿಕೆಟ್ಟಿನಲ್ಲಿ ಮಾತ್ರ ಆ ಪದಕ್ಕೆ ಕರಾರುವಾಕ್ಕಾದ ಅರ್ಥವಿದೆ. ವೇಗದ ಬೌಲರ್ ನಿಧಾನವಾಗಿ ಹಾಕಿದ ಚೆಂಡು ಗೂಗ್ಲಿಯಲ್ಲ. ಆಫ್‌ಸ್ಪಿನ್ನರ್ ಉಲ್ಟಾ ತಿರುಗಿಸಿದರೂ ಅದು ಗೂಗ್ಲಿಯಲ್ಲ, ಅದಕ್ಕೆ ದೂಸ್ರಾ ಎಂಬ ಬೇರೆ ಹೆಸರಿದೆ. ಲೆಗ್‌ಸ್ಪಿನ್ನರ್ ತನ್ನ ಮಾಮೂಲಿ ಎಸೆತದಂತೆಯೇ ಕಾಣುವ ಕೈಯಿಂದ ಎಸೆದು, ಚೆಂಡನ್ನು ಅದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಅದು ಗೂಗ್ಲಿ. ಆಸ್ಟ್ರೇಲಿಯಾದವರು ಇದನ್ನೇ ರಾಂಗ್ ಅನ್ ಎನ್ನುತ್ತಾರೆ.

ಲೆಗ್‌ಸ್ಪಿನ್ನರನ ಮಾಮೂಲಿ ಎಸೆತ ಯಾವುದು? ಲೆಗ್‌ಬ್ರೇಕ್. ಬಲಗೈ ಬ್ಯಾಟ್ಸ್‌ಮನ್ನನ ಕಾಲಿನ ಕಡೆ ಬಿದ್ದು ಆಫ್ ಕಡೆಗೆ, ಅಂದರೆ ಅವನಿಂದ ಆಚೆಗೆ ಸರಿಯುವ ಚೆಂಡು. ಮೂಸಂಬಿಯನ್ನು ಕೈಗೆ ತೆಗೆದುಕೊಳ್ಳಿ. ತೋರುಬೆರಳು, ನಡುಬೆರಳು ಎರಡನ್ನೂ ಕೊಂಚ ಅಗಲಿಸಿ ಗೆರೆಗೆ ಅಡ್ಡವಾಗಿ ಇಡಿ. ಉಂಗುರ ಬೆರಳನ್ನು ಮಡಚಿ, ಅದರ ಪಕ್ಕ ಹಣ್ಣಿಗೆ ಒತ್ತಿಕೊಳ್ಳಲಿ. ಹೆಬ್ಬೆರಳು ಸುಮ್ಮನೆ ಆಸರೆಗೆ. ಮಣಿಕಟ್ಟನ್ನು ಒಳಕ್ಕೆ ಸುರುಳಿಸಿ, ಬಿಡುವಾಗ ಅದನ್ನು ಫಟ್ಟನೆ ಬಿಚ್ಚಿ. ತಿರುಗಿಸುವ ಮುಖ್ಯ ಕೆಲಸ ಮಡಚಿದ ಉಂಗುರ ಬೆರಳಿನದು. ಸರಿಯಾಗಿ ಬಿಟ್ಟರೆ ನಿಮ್ಮ ಕಣ್ಣಿಗೆ ಹಣ್ಣು ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತ ಹೋಗುತ್ತದೆ, ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಬಿಚ್ಚುವ ದಿಕ್ಕಿನಲ್ಲಿ. ಹೀಗೆ ತಿರುಗುವ ಚೆಂಡು ನೆಲ ಮುಟ್ಟಿದಾಗ ಬೌಲರನ ಎಡಕ್ಕೆ, ಬಲಗೈ ಬ್ಯಾಟ್ಸ್‌ಮನ್ನನ ಆಫ್ ಕಡೆಗೆ ಹಾರುತ್ತದೆ.

ಗೂಗ್ಲಿಯಲ್ಲಿ ಅದೇ ಚೆಂಡು ಗಡಿಯಾರದ ದಿಕ್ಕಿನಲ್ಲಿ, ಮುಚ್ಚಳ ಬಿಗಿ ಮಾಡುವ ಹಾಗೆ ತಿರುಗಬೇಕು. ಬಹಳ ಜನ ಅಂದುಕೊಳ್ಳುವುದು ಬೌಲರ್ ಕೊನೆಯ ಗಳಿಗೆಯಲ್ಲಿ ಬೆರಳನ್ನು ಉಲ್ಟಾ ತಿರುಗಿಸುತ್ತಾನೆ ಎಂದು. ಹಾಗಲ್ಲ. ಬೆರಳು ಮಾಡುವ ಕೆಲಸ ಹೆಚ್ಚೂಕಡಿಮೆ ಅದೇ. ಒಂದು ಬುಗುರಿಯನ್ನು ಗಾಜಿನ ಮೇಜಿನ ಮೇಲೆ ತಿರುಗಿಸಿಬಿಟ್ಟಿದ್ದೀರಿ ಅಂದುಕೊಳ್ಳಿ. ಮೇಲಿನಿಂದ ನೋಡಿದರೆ ಅದು ಬಲಕ್ಕೆ ಸುತ್ತುತ್ತಿದೆ. ಮೇಜಿನ ಕೆಳಗೆ ನುಸುಳಿ ಗಾಜಿನ ಮೂಲಕ ನೋಡಿ, ಅದೇ ಬುಗುರಿ ಎಡಕ್ಕೆ ಸುತ್ತುತ್ತಿರುತ್ತದೆ. ಬುಗುರಿ ಬದಲಾಗಿಲ್ಲ, ನೋಡುವ ಬದಿ ಬದಲಾಗಿದೆ. ಗೂಗ್ಲಿ ಹಾಕುವವನು ಮಾಡುವುದೂ ಇಷ್ಟೇ. ಬೆರಳಿನ ಚಿಮ್ಮುವಿಕೆಯನ್ನು ಹಾಗೇ ಬಿಟ್ಟು, ಇಡೀ ಕೈಯ ಮುಖವನ್ನೇ ಹಿಂದುಮುಂದಾಗಿ ತಿರುಗಿಸುತ್ತಾನೆ. ಲೆಗ್‌ಬ್ರೇಕ್ ಬಿಡುವಾಗ ಅಂಗೈ ಹೆಚ್ಚೂಕಡಿಮೆ ಬ್ಯಾಟ್ಸ್‌ಮನ್ ಕಡೆಗಿರುತ್ತದೆ. ಮಣಿಕಟ್ಟು ಇನ್ನಷ್ಟು ಹೊರಳಿ ಕಿರುಬೆರಳಿನ ಅಂಚು ಬ್ಯಾಟ್ಸ್‌ಮನ್‌ಗೆ ಎದುರಾದಾಗ ಬಿಟ್ಟರೆ ಚೆಂಡು ಎತ್ತಲೂ ತಿರುಗದೆ ಮುಂದಕ್ಕೆ ಉರುಳುವಂತೆ ಸುತ್ತುತ್ತ ನೆಗೆಯುತ್ತದೆ, ಅದು ಟಾಪ್‌ಸ್ಪಿನ್. ಮತ್ತೂ ಹೊರಳಿ ಹಿಂಗೈ ಬ್ಯಾಟ್ಸ್‌ಮನ್‌ಗೆ ಎದುರಾದಾಗ ಚೆಂಡು ಕಿರುಬೆರಳಿನ ಮೇಲಿಂದ ಹೊರಬಿದ್ದರೆ ಗೂಗ್ಲಿ.

ಗೂಗ್ಲಿಯ ಅರ್ಧ ವೇಷ ಇದರಲ್ಲೇ ಸಿದ್ಧವಾಗಿರುತ್ತದೆ. ಓಟ ಅದೇ, ಹಿಡಿತ ಅದೇ, ಬೆರಳು ಅದೇ. ಬಚ್ಚಿಡಬೇಕಾದ್ದು ಮಣಿಕಟ್ಟಿನ ಆ ಕೊನೆಯ ಹೊರಳು ಮಾತ್ರ. ಕೇಳಲು ಸುಲಭ ಅನ್ನಿಸುತ್ತದೆ. ಆದರೆ ಮಣಿಕಟ್ಟು ಅಷ್ಟು ಹೊರಳಬೇಕಾದರೆ ಮೈಯ ಮಿಕ್ಕ ಭಾಗಗಳೂ ಸಹಾಯಕ್ಕೆ ಬರುತ್ತವೆ, ಗುಟ್ಟು ಬಿಟ್ಟುಕೊಡುವುದು ಅವೇ.

ಈ ಕೈಚಳಕ ಹುಟ್ಟಿದ್ದು ಮೈದಾನದಲ್ಲಲ್ಲ, ಮೇಜಿನ ಮೇಲೆ. ಇಂಗ್ಲೆಂಡಿನ ಬರ್ನಾರ್ಡ್ ಬೊಸಾಂಕೆ 1897ರ ಸುಮಾರಿಗೆ ಟ್ವಿಸ್ಟಿ-ಟ್ವಾಸ್ಟಿ ಎಂಬ ಒಳಾಂಗಣ ಆಟ ಆಡುತ್ತಿದ್ದರು. ಮೇಜಿನ ಆಚೆ ಕೂತವನು ಹಿಡಿಯಲಾಗದಂತೆ ಟೆನಿಸ್ ಚೆಂಡನ್ನು ಮೇಜಿನ ಮೇಲೆ ಪುಟಿಸುವುದು ಆಟ. ಒಂದೇ ಬಗೆಯ ಕೈಯಿಂದ ಚೆಂಡನ್ನು ಎರಡೂ ಕಡೆ ತಿರುಗಿಸಿದರೆ ಎದುರಾಳಿ ಪೆದ್ದನಾಗುತ್ತಾನೆ ಎಂದು ಅವರಿಗೆ ಹೊಳೆಯಿತು. ಅದನ್ನು ನೆಟ್ಸಿಗೆ ತಂದರು, ವರ್ಷಗಟ್ಟಲೆ ತಿಕ್ಕಿದರು. 1900ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಮಿಡ್ಲ್‌ಸೆಕ್ಸ್ ಪರ ಲೆಸ್ಟರ್‌ಶೈರ್ ವಿರುದ್ಧ ಆಡುವಾಗ ಮೊದಲ ಬಲಿ ಸಿಕ್ಕಿತು. ಶತಕಕ್ಕೆ 2 ರನ್ ಬಾಕಿ ಇದ್ದ ಸ್ಯಾಮ್ಯುಯೆಲ್ ಕೋ ಸ್ಟಂಪ್ ಆದರು. ಚರಿತ್ರೆಯ ಆ ಮೊದಲ ಗೂಗ್ಲಿ ನಾಲ್ಕು ಸಲ ನೆಲಕ್ಕೆ ಬಡಿದು ಬ್ಯಾಟ್ಸ್‌ಮನ್ ಬಳಿ ತಲುಪಿತ್ತು. 98ಕ್ಕೆ ಹಾಗೆ ಔಟಾದವರ ಹೊಟ್ಟೆಯುರಿ ಹೇಗಿದ್ದಿರಬೇಕು ನೀವೇ ಊಹಿಸಿ. ಬೊಸಾಂಕೆ ಕೆಲಕಾಲ ಇದೆಲ್ಲ ಆಕಸ್ಮಿಕ ಎಂಬಂತೆ ನಟಿಸಿದರು. ಗುಟ್ಟು ಬಲ್ಲ ಗೆಳೆಯರಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದರು. ಬಚ್ಚಿಡದಿದ್ದರೆ ಈ ಎಸೆತಕ್ಕೆ ಬೆಲೆಯೇ ಇಲ್ಲ ಎಂದು ಅದನ್ನು ಕಂಡುಹಿಡಿದವರಿಗೆ ಮೊದಲ ದಿನವೇ ತಿಳಿದಿತ್ತು. ಆದರೂ ಕಲೆ ಕೈದಾಟಿತು. ಅವರ ಜೊತೆ ಮಿಡ್ಲ್‌ಸೆಕ್ಸ್‌ನಲ್ಲಿ ಆಡಿದ್ದ ರೆಜಿ ಶ್ವಾರ್ಜ್ ಅದನ್ನು ದಕ್ಷಿಣ ಆಫ್ರಿಕಾಕ್ಕೆ ಹೊತ್ತೊಯ್ದರು. ಕೆಲವೇ ವರ್ಷಗಳಲ್ಲಿ ಆ ತಂಡದಲ್ಲಿ ಒಬ್ಬರಲ್ಲ, ನಾಲ್ವರು ಗೂಗ್ಲಿ ಬೌಲರ್‌ಗಳಿದ್ದರು.

ಈಗ ಬ್ಯಾಟ್ಸ್‌ಮನ್ ಕಡೆಯಿಂದ ನೋಡೋಣ. ಅವನ ಪಾಡು ಅರ್ಥವಾಗದೆ ಬೌಲರನ ವೇಷದ ಬೆಲೆ ತಿಳಿಯುವುದಿಲ್ಲ.

ಕಾಮೆಂಟರಿಯಲ್ಲಿ ಮೂರು ಮಾತು ಮತ್ತೆಮತ್ತೆ ಕೇಳಿಬರುತ್ತವೆ: ಕೈಯಿಂದಲೇ ಓದಿದರು, ಗಾಳಿಯಲ್ಲಿ ಓದಿದರು, ಪಿಚ್ ಆದ ಮೇಲೆ ನೋಡಿ ಆಡಿದರು. ಸುಮ್ಮನೆ ಅಲಂಕಾರದ ಮಾತುಗಳಲ್ಲ ಇವು, ಒಂದೊಂದರ ಹಿಂದೆಯೂ ಲೆಕ್ಕವಿದೆ. ಬೌಲರ್ ಕೈಬಿಟ್ಟ ಜಾಗದಿಂದ ಬ್ಯಾಟಿನವರೆಗೆ ಸುಮಾರು 17 ಮೀಟರ್. ಗಂಟೆಗೆ 85 ಕಿಲೋಮೀಟರ್ ವೇಗದ ಸ್ಪಿನ್ ಎಸೆತ ಇಷ್ಟು ದೂರ ಬರಲು ಮುಕ್ಕಾಲು ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತದೆ. ಕೈಯಿಂದಲೇ ಓದಿದವನಿಗೆ ಈ ಮುಕ್ಕಾಲು ಸೆಕೆಂಡೂ ಸಿಕ್ಕಿತು. ಕಾಲು ಎಲ್ಲಿಡಬೇಕು, ಬ್ಯಾಟ್ ಎತ್ತ ಬೀಸಬೇಕು ಎಂದು ತೀರ್ಮಾನಿಸಲು ಅದು ಧಾರಾಳ. ಗಾಳಿಯಲ್ಲಿ ಸೀಮ್ ತಿರುಗುವ ರೀತಿ ನೋಡಿ ಓದಿದವನಿಗೆ ಅದರಲ್ಲಿ ಅರ್ಧ ಉಳಿಯಿತು. ಪಿಚ್ ಆದ ಮೇಲೆ ನೋಡುವವನ ಗತಿ? ಚೆಂಡು ಅವನಿಂದ 4 ಮೀಟರ್ ಮುಂದೆ ಬಿದ್ದರೆ ಬ್ಯಾಟಿಗೆ ಬರಲು ಉಳಿದಿರುವುದು ಸೆಕೆಂಡಿನ ಐದನೇ ಒಂದು ಭಾಗ. ಮನುಷ್ಯನ ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಬೇಕಾಗುವುದೂ ಹೆಚ್ಚೂಕಡಿಮೆ ಅಷ್ಟೇ. 2 ಮೀಟರ್ ಮುಂದೆ ಬಿದ್ದರಂತೂ ಮುಗಿದೇ ಹೋಯಿತು.

ತಿರುವು ದೊಡ್ಡದಾಗಿರಬೇಕೆಂದೂ ಇಲ್ಲ. 2 ಮೀಟರ್ ಮುಂದೆ ಬಿದ್ದ ಚೆಂಡು ಬರೀ 4 ಡಿಗ್ರಿ ತಿರುಗಿದರೂ ಬ್ಯಾಟಿನ ಬಳಿ ಬರುವಷ್ಟರಲ್ಲಿ 14 ಸೆಂಟಿಮೀಟರ್ ಸರಿದಿರುತ್ತದೆ. ಬ್ಯಾಟಿನ ಅಗಲ ಗರಿಷ್ಠ 10.8 ಸೆಂಟಿಮೀಟರ್. ಬ್ಯಾಟ್ಸ್‌ಮನ್ ಲೆಗ್‌ಬ್ರೇಕ್ ಎಂದು ನಂಬಿ ಚೆಂಡು 14 ಸೆಂಟಿಮೀಟರ್ ಆಚೆ ಹೋಗುತ್ತದೆಂದು ಬ್ಯಾಟನ್ನು ಅಲ್ಲಿಗೆ ಒಯ್ದ. ಅದು 14 ಸೆಂಟಿಮೀಟರ್ ಈಚೆ ಬಂತು. ಅವನ ಅಂದಾಜಿಗೂ ನಿಜಕ್ಕೂ ನಡುವೆ ಎರಡೂವರೆ ಬ್ಯಾಟ್ ಹಿಡಿಸುವಷ್ಟು ಅಂತರ. ಕೊಹ್ಲಿಯ ಬ್ಯಾಟಿಗೂ ಪ್ಯಾಡಿಗೂ ನಡುವೆ ಆವತ್ತು ಬಾಗಿಲು ತೆರೆದದ್ದು ಹೀಗೆ. ಆಚೆ ಸರಿಯುವ ಚೆಂಡಿಗೆ ಡ್ರೈವ್ ಮಾಡಲು ಬ್ಯಾಟ್ ಮೈಯಿಂದ ದೂರ ಹೋಗಲೇಬೇಕು, ಒಳಬರುವ ಚೆಂಡಿಗೆ ಪ್ಯಾಡಿಗೆ ಅಂಟಿಕೊಂಡೇ ಇರಬೇಕು. ಎಡಗೈ ಬ್ಯಾಟ್ಸ್‌ಮನ್‌ಗೆ ಇದೆಲ್ಲ ತಿರುವುಮುರುವು. ಅವನಿಗೆ ಗೂಗ್ಲಿ ಆಚೆ ಸರಿಯುವ ಚೆಂಡು, ಹೀಗಾಗಿ ಹೊರ ಅಂಚು ತಾಗಿ ಸ್ಲಿಪ್ಪಿಗೋ ಕೀಪರಿಗೋ ಕ್ಯಾಚ್ ಹೋಗುವುದೇ ಹೆಚ್ಚು.

ಹಾಗಾಗಿ ಬ್ಯಾಟ್ಸ್‌ಮನ್ ಎಲ್ಲ ಗಮನವನ್ನೂ ಬೌಲರನ ಕೈಯ ಮೇಲೆ ನೆಡುತ್ತಾನೆ. ಅವನು ಹುಡುಕುವುದು ಏನನ್ನು? ಒಂದು, ಹಿಂಗೈ. ಚೆಂಡು ಬಿಡುವ ಗಳಿಗೆಯಲ್ಲಿ ಕೈಯ ಹಿಂಭಾಗವೂ ಅದರ ಮೇಲಿಂದ ಇಣುಕುವ ಚೆಂಡೂ ಕಂಡರೆ ಅದು ಗೂಗ್ಲಿ. ಇನ್ನೊಂದು, ತೋಳಿನ ಎತ್ತರ. ಮಣಿಕಟ್ಟು ಪೂರ್ತಿ ಹೊರಳಲು ಅನುಕೂಲವಾಗಲೆಂದು ಬಹಳ ಬೌಲರ್‌ಗಳ ತೋಳು ತಾನಾಗಿಯೇ ಕಿವಿಯ ಹತ್ತಿರಕ್ಕೆ ಏರುತ್ತದೆ, ಎಡ ಭುಜ ಬೇಗ ಕುಸಿಯುತ್ತದೆ, ತಲೆ ಎಡಕ್ಕೆ ವಾಲುತ್ತದೆ. ನೆಟ್ಸಿನಲ್ಲಿ ಹುಡುಗರು ಗೂಗ್ಲಿ ಹಾಕುವುದನ್ನು ನೋಡಿ, ಚೆಂಡು ಬಿಡುವ ಮೊದಲೇ ಮೈಯೆಲ್ಲ ಓರೆಯಾಗಿ ಕೂಗಿ ಹೇಳುತ್ತಿರುತ್ತದೆ. ಮೂರನೆಯದು ಚೆಂಡು ಹೋಗುವ ದಾರಿ. ಕಿರುಬೆರಳಿನ ಮೇಲಿಂದ ಹೊರಬೀಳುವ ಚೆಂಡು ಸಾಮಾನ್ಯವಾಗಿ ಒಂದಿಷ್ಟು ಮೇಲಕ್ಕೆ ಚಿಮ್ಮಿ, ಕೊಂಚ ನಿಧಾನವಾಗಿ, ಕೊಂಚ ಮೊದಲೇ ನೆಲಕ್ಕಿಳಿಯುತ್ತದೆ. ಇಷ್ಟೂ ತಪ್ಪಿದರೆ ಸೀಮ್ ಇದೆ. ಲೆಗ್‌ಬ್ರೇಕಿನಲ್ಲಿ ಅದು ಸ್ಲಿಪ್ ಕಡೆಗೆ ವಾಲಿರುತ್ತದೆ, ಗೂಗ್ಲಿಯಲ್ಲಿ ಫೈನ್ ಲೆಗ್ ಕಡೆಗೆ. ಬಿಳಿ ಚೆಂಡು ದೀಪದ ಬೆಳಕಿನಲ್ಲಿ ಗಿರ್ರನೆ ತಿರುಗುವಾಗ ಇದನ್ನು ಕಾಣುವುದು ಹದ್ದಿನ ಕಣ್ಣಿನವರಿಗೂ ಕಷ್ಟ.

ಬೌಲರ್ ವೇಷ ಕಟ್ಟುವುದೆಂದರೆ ಈ ಸುಳಿವುಗಳನ್ನು ಒಂದೊಂದಾಗಿ ಅಳಿಸುವುದು. ನನಗೆ ತುಂಬ ಜಾಣತನ ಎನ್ನಿಸಿದ ಉಪಾಯವೊಂದಿದೆ: ಗೂಗ್ಲಿಯನ್ನು ಲೆಗ್‌ಬ್ರೇಕಿನಂತೆ ಕಾಣಿಸುವ ಬದಲು, ಲೆಗ್‌ಬ್ರೇಕನ್ನೇ ಗೂಗ್ಲಿಯಂತೆ ಕಾಣಿಸುವುದು. ಗೂಗ್ಲಿಗೆ ತೋಳು ಮೇಲೇರುತ್ತದೆಯೇ? ಹಾಗಾದರೆ ಎಲ್ಲ ಎಸೆತಗಳಿಗೂ ಅಷ್ಟೇ ಮೇಲೇರಲಿ. ಭುಜ ಕುಸಿಯುತ್ತದೆಯೇ? ಪ್ರತಿ ಚೆಂಡಿಗೂ ಕುಸಿಯಲಿ. ಬದಲಾವಣೆಯೇ ಇಲ್ಲದ ಕಡೆ ಸುಳಿವೆಲ್ಲಿಂದ ಬರಬೇಕು. ಇನ್ನೊಂದು ಉಪಾಯ ತೋಳಿನ ವೇಗ. ಅಫ್ಘಾನಿಸ್ತಾನದ ರಶೀದ್ ಖಾನ್ ಅವರನ್ನು ನೋಡಿ. ಚಿಕ್ಕ ಓಟ, ಚಾವಟಿಯಂತೆ ಬೀಸುವ ತೋಳು. ಹಿಂಗೈ ಕಾಣುವ ಹೊತ್ತಿಗೆ ಚೆಂಡು ಅರ್ಧ ದಾರಿ ಬಂದಿರುತ್ತದೆ. ವೇಗವಾಗಿ ಬರುವ ಕೈಯಿಂದ ಗೂಗ್ಲಿ ನಿಧಾನವಾಗುವುದೂ ಇಲ್ಲ, ಆ ಸುಳಿವೂ ಹೋಯಿತು.

ಪಾಕಿಸ್ತಾನದ ಅಬ್ದುಲ್ ಖಾದಿರ್ ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಬತ್ತಳಿಕೆಯಲ್ಲಿ ಎರಡು ಬಗೆಯ ಗೂಗ್ಲಿಗಳಿದ್ದವು. ಒಂದನ್ನು ಬ್ಯಾಟ್ಸ್‌ಮನ್ ಗುರುತಿಸಿದರೆ ಗುರುತಿಸಲಿ. ‘ಓಹೋ, ನನಗೆ ಗೊತ್ತಾಯಿತು’ ಎಂಬ ಧೈರ್ಯ ಅವನಿಗೆ ಬಂದ ಮೇಲೆ, ಆ ಗುರುತು ಇಲ್ಲದ ಎರಡನೆಯದು ಬರುತ್ತದೆ. ಆಸ್ಟ್ರೇಲಿಯಾದ ಕ್ಲಾರಿ ಗ್ರಿಮೆಟ್ ಅವರದು ಇದೇ ಮನೆತನದ ಕಥೆ, ಗೂಗ್ಲಿಯದಲ್ಲ, ಫ್ಲಿಪ್ಪರ್ ಎಂಬ ಇನ್ನೊಂದು ಎಸೆತದ್ದು. ಫ್ಲಿಪ್ಪರ್ ಹಾಕುವಾಗ ಬೆರಳು ಚಿಟಿಕೆ ಹೊಡೆದಂತೆ ಸದ್ದಾಗುತ್ತದೆ. ಬ್ಯಾಟ್ಸ್‌ಮನ್‌ಗಳು ಅದಕ್ಕೆ ಕಿವಿಗೊಡುತ್ತಾರೆಂದು ತಿಳಿದ ಗ್ರಿಮೆಟ್, ಮಾಮೂಲಿ ಲೆಗ್‌ಬ್ರೇಕ್ ಹಾಕುವಾಗ ಎಡಗೈಯಲ್ಲಿ ಚಿಟಿಕೆ ಹೊಡೆಯತೊಡಗಿದರಂತೆ.

ಬಚ್ಚಿಡುವ ಕಲೆ ಕೈಯಲ್ಲಿ ಮಾತ್ರ ಇರುವುದಿಲ್ಲ ಎನ್ನುವುದಕ್ಕೆ ಕ್ರಿಕೆಟ್ಟಿನ ಅತಿ ಪ್ರಸಿದ್ಧ ಗೂಗ್ಲಿಯೇ ಸಾಕ್ಷಿ. 1948ರ ಆಗಸ್ಟ್ 14, ಲಂಡನ್ನಿನ ಓವಲ್. ಡಾನ್ ಬ್ರಾಡ್‌ಮನ್ ಅವರ ಕೊನೆಯ ಟೆಸ್ಟ್. ಇಂಗ್ಲೆಂಡ್ ಬರೀ 52ಕ್ಕೆ ಮುದುರಿಬಿದ್ದಿತ್ತು. ಬ್ರಾಡ್‌ಮನ್ ಅಂಗಳಕ್ಕಿಳಿದಾಗ ಪ್ರೇಕ್ಷಕರೆಲ್ಲ ಎದ್ದು ನಿಂತರು, ಇಂಗ್ಲೆಂಡ್ ನಾಯಕ ನಾರ್ಮನ್ ಯಾರ್ಡ್‌ಲಿ ತಮ್ಮ ಆಟಗಾರರಿಂದ ಮೂರು ಸಲ ಜೈಕಾರ ಹಾಕಿಸಿದರು. ಆಗ ಬೌಲ್ ಮಾಡುತ್ತಿದ್ದವರು ವಾರ್ವಿಕ್‌ಶೈರ್‌ನ ಲೆಗ್‌ಸ್ಪಿನ್ನರ್ ಎರಿಕ್ ಹಾಲೀಸ್. ಮೊದಲ ಚೆಂಡು ಲೆಗ್‌ಬ್ರೇಕ್, ಬ್ರಾಡ್‌ಮನ್ ಮೆಲ್ಲಗೆ ತಡೆದರು. ಎರಡನೆಯದಕ್ಕೆ ಮುಂದೆ ಬಾಗಿದರು, ಅದು ಒಳಕ್ಕೆ ತಿರುಗಿ ಸ್ಟಂಪ್ ಉರುಳಿಸಿತು. ಸೊನ್ನೆ. 4 ರನ್ ಹೊಡೆದಿದ್ದರೆ ಟೆಸ್ಟ್ ಸರಾಸರಿ ಸರಿಯಾಗಿ 100 ಆಗುತ್ತಿತ್ತು, 99.94ಕ್ಕೆ ನಿಂತಿತು. ಆಸ್ಟ್ರೇಲಿಯಾ ಇನಿಂಗ್ಸ್ ಅಂತರದಲ್ಲಿ ಗೆದ್ದುಬಿಟ್ಟಿದ್ದರಿಂದ ಎರಡನೇ ಅವಕಾಶವೂ ಬರಲಿಲ್ಲ.

ಅಂದು ಬಿಬಿಸಿ ರೇಡಿಯೋದಲ್ಲಿ ಕಾಮೆಂಟರಿ ಹೇಳುತ್ತಿದ್ದ ಜಾನ್ ಆರ್ಲಟ್, ಅಂಥ ಬೀಳ್ಕೊಡುಗೆಯ ನಡುವೆ ಯಾರಿಗಾದರೂ ಚೆಂಡು ಸರಿಯಾಗಿ ಕಂಡೀತೇ ಎಂದು ಸೋಜಿಗಪಟ್ಟಿದ್ದರು. ಕಣ್ಣೀರಿನ ಕಥೆ ಆಮೇಲೆ ಎಪ್ಪತ್ತು ವರ್ಷ ಓಡಾಡಿದೆ. ನನಗೆ ಅದಕ್ಕಿಂತ ಹಿಡಿಸುವುದು ಹಾಲೀಸ್ ಕಡೆಯ ಕಥೆ. ಆ ಟೆಸ್ಟಿಗೆ ಸ್ವಲ್ಪ ಮುಂಚೆ ವಾರ್ವಿಕ್‌ಶೈರ್ ಮೇಲೆ ಆಸ್ಟ್ರೇಲಿಯಾ ಆಡಿತ್ತು, ಹಾಲೀಸ್ ಒಂದೇ ಇನಿಂಗ್ಸಿನಲ್ಲಿ 107 ರನ್ನಿಗೆ 8 ವಿಕೆಟ್ ಕಿತ್ತಿದ್ದರು. ಬ್ರಾಡ್‌ಮನ್‌ಗೆ ತನ್ನ ಗೂಗ್ಲಿ ಗುರುತು ಸಿಗುತ್ತಿಲ್ಲ ಎಂದು ಅವರಿಗೆ ಅಲ್ಲಿಯೇ ಅನ್ನಿಸಿ, ಎರಡನೇ ಇನಿಂಗ್ಸಿನಲ್ಲಿ ಬೇಕೆಂದೇ ಒಂದನ್ನೂ ತೋರಿಸದೆ ಟೆಸ್ಟಿಗೆಂದು ಎತ್ತಿಟ್ಟರು ಎಂಬುದು ಕ್ರಿಕೆಟ್ ವಲಯದಲ್ಲಿ ಹೆಸರಾದ ಕಥೆ. ಕೈಯ ಗುಟ್ಟನ್ನು ಎದುರಾಳಿ ಓದುವುದು ಪದೇಪದೇ ನೋಡಿದಾಗ. ನೋಡಲು ಕೊಡದಿದ್ದರೆ ಓದುವುದೆಲ್ಲಿಂದ? ಹಾಲೀಸ್ ಮೊದಲ ಚೆಂಡನ್ನು ಲೆಗ್‌ಬ್ರೇಕ್ ಹಾಕಿದ್ದೂ ಸುಮ್ಮನೆ ಅಲ್ಲ, ಅದು ಎರಡನೆಯದಕ್ಕೆ ಹಾಸಿದ ಚಾಪೆ.

ನಮ್ಮವರೇ ಆದ ಬಿ.ಎಸ್. ಚಂದ್ರಶೇಖರ್ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದವರು. ಮೈಸೂರಿನಲ್ಲಿ ಹುಟ್ಟಿದ ಅವರ ಬಲಗೈ ಚಿಕ್ಕಂದಿನಲ್ಲಿ ಪೋಲಿಯೊಗೆ ಸಿಕ್ಕಿ ಸೊರಗಿತ್ತು. ಚೆಂಡನ್ನು ಫೀಲ್ಡಿನಿಂದ ಎಸೆಯುತ್ತಿದ್ದದ್ದು ಎಡಗೈಯಲ್ಲಿ, ಬೌಲ್ ಮಾಡುತ್ತಿದ್ದದ್ದು ಆ ಸೊರಗಿದ ಬಲಗೈಯಲ್ಲಿ. ಲೆಗ್‌ಸ್ಪಿನ್ನರ್ ಎಂದು ಕರೆದರೂ ಅವರ ದಿನನಿತ್ಯದ ಸರಕು ಗೂಗ್ಲಿ ಮತ್ತು ಟಾಪ್‌ಸ್ಪಿನ್, ಅದೂ ಮಧ್ಯಮ ವೇಗಿಗಳ ಹತ್ತಿರ ಹತ್ತಿರ ಬರುವ ಬಿರುಸಿನಲ್ಲಿ. ಬೇರೆಯವರಿಗೆ ಗೂಗ್ಲಿ ಹಬ್ಬದ ಹೋಳಿಗೆಯಾದರೆ ಚಂದ್ರ ಅವರಿಗೆ ಅದು ದಿನದ ಮುದ್ದೆ. ಲೆಗ್‌ಬ್ರೇಕ್‌ಗೇ ಬ್ಯಾಟ್ಸ್‌ಮನ್ ಬೆಚ್ಚಬೇಕಾಗಿತ್ತು. ಇಷ್ಟು ಗೂಗ್ಲಿ ಹಾಕಿಯೂ ಗುಟ್ಟು ರಟ್ಟಾಗದೆ ಉಳಿದದ್ದಕ್ಕೆ ಮುಖ್ಯ ಕಾರಣ ಆ ವೇಗ. ಕೈ ನೋಡಿ ಗುರುತಿಸಿದರೂ ಕಾಲು ಎತ್ತಿಡಲು ಹೊತ್ತಿಲ್ಲ. ಮುಕ್ಕಾಲು ಸೆಕೆಂಡಿನ ಲೆಕ್ಕ ಹೇಳಿದೆನಲ್ಲ, ಚಂದ್ರ ಅದರಲ್ಲೇ ಕತ್ತರಿ ಆಡಿಸಿದರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್. 1971ರಲ್ಲಿ ಅದೇ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದಾಗ ಜಾನ್ ಎಡ್ರಿಚ್ ಬೌಲ್ಡ್ ಆದ ಚೆಂಡನ್ನು ಗೂಗ್ಲಿ ಎಂದು ಹೇಳುವವರಿದ್ದಾರೆ. ಅಲ್ಲ, ಅದು ವೇಗದ ಎಸೆತ. ಆ ಕಾಲದ ರೇಸ್ ಕುದುರೆ ಮಿಲ್ ರೀಫ್ ಹೆಸರಿನಿಂದ ತಂಡದವರು ಅದನ್ನು ಕರೆಯುತ್ತಿದ್ದರು.

ಗೂಗ್ಲಿ ಕೈಕೊಡುವುದೂ ಉಂಟು. ಮಣಿಕಟ್ಟು ಅಷ್ಟು ಹೊರಳಿದಾಗ ಹಿಡಿತ ಸಡಿಲವಾಗುತ್ತದೆ, ಚೆಂಡು ಅರ್ಧ ಪಿಚ್‌ನಲ್ಲೇ ಬಿದ್ದು ಬ್ಯಾಟ್ಸ್‌ಮನ್‌ಗೆ ಹಣ್ಣಿನ ತಟ್ಟೆಯಾಗುತ್ತದೆ. ಹೈಸ್ಕೂಲಿನಲ್ಲಿ ನಾನು ಹಾಕುತ್ತಿದ್ದ ಗೂಗ್ಲಿಗಳಲ್ಲಿ ಹತ್ತರಲ್ಲಿ ಎಂಟು ಈ ಜಾತಿಯವು, ಟೆನಿಸ್ ಬಾಲ್ ಹುಡುಕಲು ಪಕ್ಕದ ಮನೆಯ ಹಿತ್ತಲಿಗೆ ಹೋಗುವುದು ನನ್ನ ಕಾಯಂ ಕೆಲಸವಾಗಿತ್ತು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗೂಗ್ಲಿಯ ರುಚಿ ಹತ್ತಿದ ಹುಡುಗ ಅದನ್ನೇ ಹಾಕುತ್ತ ಹೋದರೆ ಮಣಿಕಟ್ಟು ಅದೇ ಜಾಡಿಗೆ ಬಿದ್ದುಬಿಡುತ್ತದೆ. ಲೆಗ್‌ಬ್ರೇಕ್ ಹಾಕಲು ಹೋದಾಗಲೂ ಕೈ ಹೊರಳುತ್ತದೆ, ಚೆಂಡು ತಿರುಗುವುದನ್ನೇ ಬಿಡುತ್ತದೆ. ಮಾಮೂಲಿ ಎಸೆತ ಸತ್ತ ಮೇಲೆ ಗೂಗ್ಲಿಗೂ ಮರೆ ಇಲ್ಲ. ಬ್ಯಾಟ್ಸ್‌ಮನ್ ಒಳಬರುವ ಚೆಂಡಿಗೇ ಕಾದು ಕೂರುತ್ತಾನೆ. ಚೆನ್ನಾಗಿ ಕಲಿಸುವ ಕೋಚ್‌ಗಳು ಹುಡುಗರ ಲೆಗ್‌ಬ್ರೇಕ್ ಗಟ್ಟಿಯಾಗುವವರೆಗೆ ಗೂಗ್ಲಿ ಮುಟ್ಟಲು ಬಿಡದಿರುವುದು ಈ ಭಯದಿಂದಲೇ.

ಬೌಲರನ ಗುಟ್ಟು ಬಲ್ಲ ಇನ್ನೊಬ್ಬ ಮೈದಾನದಲ್ಲಿರುತ್ತಾನೆ, ವಿಕೆಟ್‌ಕೀಪರ್. ಬ್ಯಾಟ್ಸ್‌ಮನ್ ಓದಲಾಗದ್ದನ್ನು ಅವನು ಓದಲೇಬೇಕು, ಇಲ್ಲದಿದ್ದರೆ ಬೈ ರನ್ನುಗಳ ಸುರಿಮಳೆ. ಚಂದ್ರ ಅವರ ಆ ಬಿರುಸಿನ ಚೆಂಡುಗಳನ್ನು ಸ್ಟಂಪಿನ ಹಿಂದೆ ಕರ್ನಾಟಕಕ್ಕೂ ಭಾರತಕ್ಕೂ ಹಿಡಿದವರು ಸೈಯದ್ ಕಿರ್ಮಾನಿ. ಕೆಲವು ಜೋಡಿಗಳಲ್ಲಿ ಬೌಲರ್ ಮೊದಲೇ ಕೀಪರಿಗೆ ಸನ್ನೆ ಕೊಡುವುದುಂಟು, ಓಡಿಬರುವ ಮುನ್ನ ಕಾಲರ್ ಮುಟ್ಟುವುದೋ ಕೈ ಒರೆಸುವುದೋ. ಚುರುಕು ಬ್ಯಾಟ್ಸ್‌ಮನ್ ಅದನ್ನೂ ಕಂಡುಹಿಡಿದರೆ ಸನ್ನೆ ಬದಲಾಗುತ್ತದೆ.

ಅತ್ತಿಗೆಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಮೂಸಂಬಿ ಎರಡು ಸಲ ನೆಲಕ್ಕೆ ಬಿದ್ದು ಮೆತ್ತಗಾಗಿತ್ತು. ಟಿ.ವಿ.ಯಲ್ಲಿ ಕೊಹ್ಲಿ ಔಟಾದ ಚೆಂಡನ್ನು ಮತ್ತೆ ನಿಧಾನವಾಗಿ ತೋರಿಸಿದರು. ‘ತಾಳು, ಸ್ಟಂಪ್ ನೋಡಬೇಡ, ಕೈ ನೋಡು’ ಎಂದು ಈ ಸಲ ಅವರೇ ನನಗೆ ಹೇಳಿದರು. ಶ್ರೇಯಸ್ ಅವರ ಬೆರಳು ಚೆಂಡು ಬಿಟ್ಟ ಆ ಗಳಿಗೆಯಲ್ಲಿ ಹಿಂಗೈ ಸ್ಪಷ್ಟವಾಗಿ ಕಂಡಿತು. ಅದೇ ಏಪ್ರಿಲ್ 30ರಂದು, ಮಳೆಯಿಂದ 5 ಓವರಿಗೆ ಇಳಿದ ಚಿನ್ನಸ್ವಾಮಿಯ ಪಂದ್ಯದಲ್ಲಿ ಅವರು ಕೊಹ್ಲಿ, ಡಿವಿಲಿಯರ್ಸ್, ಸ್ಟೊಯ್ನಿಸ್ ಮೂವರನ್ನೂ ಸತತ ಮೂರು ಚೆಂಡುಗಳಲ್ಲಿ ಔಟ್ ಮಾಡಿ ಹ್ಯಾಟ್ರಿಕ್ ಪಡೆದರು.

ಮುಂದಿನ ಸಲ ಲೆಗ್‌ಸ್ಪಿನ್ನರ್ ಬೌಲ್ ಮಾಡುವಾಗ ನೀವೂ ಹೀಗೆ ಮಾಡಿ ನೋಡಿ. ಚೆಂಡನ್ನು ಹಿಂಬಾಲಿಸುವುದನ್ನು ಎರಡು ಓವರ್ ಬಿಟ್ಟು, ಮಣಿಕಟ್ಟಿನ ಮೇಲೆ ಕಣ್ಣಿಡಿ. ಚೆಂಡು ಬೀಳುವ ಮೊದಲೇ ‘ಗೂಗ್ಲಿ’ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಕಾಮೆಂಟರಿಯವರು ಏನನ್ನುತ್ತಾರೋ ಕೇಳಿ.